ಎಂಬತ್ತು ಪದದ ಷರಾ ಮೂವತ್ತು ಪದಕ್ಕೆ: ಪ್ರಗತಿ ಪತ್ರದ ಮೂರು ಸಾಲಿನಲ್ಲಿ ಮಗುವಿನ ಬಗ್ಗೆ ಸರಿಯಾಗಿ ಬರೆಯುವುದು

ಅರ್ಧವಾರ್ಷಿಕ ಪರೀಕ್ಷೆ ಮುಗಿದ ವಾರ ನನ್ನ ಮೇಜಿನ ಮೇಲೆ ಎರಡು ವಸ್ತು ಇರುತ್ತವೆ. ಒಂದು, ಜೂನ್‌ನಿಂದ ಪ್ರತಿ ಮಗುವಿನ ಬಗ್ಗೆ ಗೀಚಿಕೊಂಡು ಬಂದ ನೋಟ್‌ಬುಕ್. ಇನ್ನೊಂದು, ಪ್ರಗತಿ ಪತ್ರಗಳ ಕಟ್ಟು. ನೋಟ್‌ಬುಕ್‌ನಲ್ಲಿ ಒಂದೊಂದು ಮಗುವಿಗೆ ಅರ್ಧ ಪುಟ, ಒಂದು ಪುಟ ಇದೆ. ಪ್ರಗತಿ ಪತ್ರದಲ್ಲಿ ಷರಾ ಬರೆಯಲು ಇರುವುದು ಎರಡು ಬೆರಳಿನಷ್ಟು ಜಾಗ. ನನ್ನ ಅಕ್ಷರದಲ್ಲಿ ಮೂರು ಸಾಲು, ತುಂಬ ಒತ್ತಿ ಬರೆದರೆ ನಾಲ್ಕು.

ನಮ್ಮದು ಮೂಡಿಗೆರೆ ಕಡೆಯ ಕಾಫಿ ತೋಟಗಳ ನಡುವಿನ ಸರ್ಕಾರಿ ಶಾಲೆ. ಐದನೇ ತರಗತಿಯಲ್ಲಿ 28 ಮಕ್ಕಳು. ಅರ್ಧಕ್ಕಿಂತ ಜಾಸ್ತಿ ಮಕ್ಕಳು ತೋಟದ ಕೆಲಸಗಾರರ ಲೈನ್ ಮನೆಗಳಿಂದ ಬರುತ್ತಾರೆ. ಮನೆಯಲ್ಲಿ ಕೆಲವರದ್ದು ತುಳು, ಕೆಲವರದ್ದು ತಮಿಳು. ಅಪ್ಪ ಅಮ್ಮ ಕನ್ನಡ ಮಾತಾಡುತ್ತಾರೆ, ಆದರೆ ಎಲ್ಲರೂ ಓದುವುದಿಲ್ಲ.

ಷರಾ ಚಿಕ್ಕದು ಮಾಡುವುದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗನ ಪ್ರಗತಿ ಪತ್ರದಲ್ಲಿ ‘ಓದಿನಲ್ಲಿ ಆಸಕ್ತಿಯೇ ಇಲ್ಲ, ಪೋಷಕರು ಗಮನ ಹರಿಸುವುದು’ ಎಂದು ಬರೆದಿದ್ದೆ. ಪತ್ರ ವಾಪಸ್ ಬಂತು. ಕೆಳಗೆ ತಾಯಿಯ ಹೆಬ್ಬೆಟ್ಟಿನ ಗುರುತು ಇತ್ತು. ಆಮೇಲೆ ಸಂತೆಯಲ್ಲಿ ಆ ತಾಯಿ ಸಿಕ್ಕಿದರು. ನಗುತ್ತಾ ಹತ್ತಿರ ಬಂದು, “ಮಿಸ್, ನಮ್ಮ ಹುಡುಗ ಚೆನ್ನಾಗಿ ಓದ್ತಾನೆ ಅಂತ ಬರೆದಿದ್ದೀರಂತೆ. ರಾತ್ರಿ ಓದಿ ಹೇಳಿದ. ಅವರಪ್ಪನಿಗೂ ಖುಷಿ ಆಯ್ತು” ಅಂದರು. ನನಗೆ ಮಾತು ಹೊರಡಲಿಲ್ಲ. ಹುಡುಗ ಸುಳ್ಳು ಹೇಳಿದ್ದ, ನಿಜ. ಆದರೆ ಅವನ ಕೈಗೆ ನಾನು ಕೊಟ್ಟದ್ದು ಅವನು ಅಮ್ಮನ ಎದುರು ಓದಲಾಗದ ಸಾಲು.

ಅವತ್ತಿನಿಂದ ಷರಾ ಯಾರಿಗೆ ಬರೆಯುತ್ತಿದ್ದೇನೆ ಎಂಬುದು ನನಗೆ ಬೇರೆಯಾಗಿ ಕಾಣುತ್ತದೆ. ಪತ್ರದ ಮೇಲೆ ‘ಪೋಷಕರಿಗೆ’ ಅಂತ ಇರಬಹುದು. ಎಷ್ಟೋ ಮನೆಗಳಲ್ಲಿ ಅದನ್ನು ಗಟ್ಟಿಯಾಗಿ ಓದುವವರು ಮಗುವೇ. ಹಾಗಾಗಿ ಈ ಮಾರ್ಗದರ್ಶಿಯ ಉದ್ದಕ್ಕೂ ಒಂದೇ ಅಳತೆ ಇಟ್ಟುಕೊಂಡಿದ್ದೇನೆ: ಮಗು ತನ್ನ ಬಾಯಿಂದ ಅಮ್ಮನಿಗೆ ಓದಿ ಹೇಳಬಲ್ಲ ಸಾಲು ಆಗಬೇಕು, ಮತ್ತು ಅದರಲ್ಲಿ ಒಂದೂ ಸುಳ್ಳು ಇರಬಾರದು.

ಕೂರುವ ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಿ

ಬರೀ ನೋಟ್‌ಬುಕ್ ಮತ್ತು ಪೆನ್ ಸಾಲದು. ಹಾಜರಿ ಪುಸ್ತಕ ಬೇಕು. ಮಗುವಿನ ತರಗತಿ ಪುಸ್ತಕ, ಎಫ್‌ಎ 1 ಮತ್ತು ಎಫ್‌ಎ 2 ಕಿರುಪರೀಕ್ಷೆಗಳ ಉತ್ತರ ಹಾಳೆಗಳು ಬೇಕು. ಯಾವ ಪಾಠ ಯಾವ ವಾರ ಮಾಡಿದಿರಿ ಎಂದು ಬರೆದಿಟ್ಟ ನಿಮ್ಮ ಪಾಠ ಟಿಪ್ಪಣಿಯೂ ಬೇಕು. ಈ ಕೊನೆಯದನ್ನು ಯಾರೂ ತೆಗೆಯುವುದಿಲ್ಲ. ಅದು ಎಷ್ಟು ಮುಖ್ಯ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲ ನಾಲ್ಕೈದು ಮಕ್ಕಳಿಗೆ ಕಾಲು ಗಂಟೆ ಹಿಡಿಯುತ್ತದೆ. ಕೈ ಕೂತ ಮೇಲೆ ಏಳೆಂಟು ನಿಮಿಷ ಸಾಕು. ಒಂದೇ ದಿನ 28 ಷರಾ ಬರೆಯಬೇಡಿ. ಹತ್ತು ಮಕ್ಕಳಾದ ಮೇಲೆ ಎಲ್ಲರಿಗೂ ಒಂದೇ ವಾಕ್ಯ ಬರಲು ಶುರುವಾಗುತ್ತದೆ. ದಿನಕ್ಕೆ ಏಳು, ನಾಲ್ಕು ದಿನ. ಇದು ನನ್ನ ಲೆಕ್ಕ.

ಒಂದು ಉದ್ದ ಷರಾ

ಮಾತಿಗೆ ಒಂದು ಮಗುವನ್ನು ತೆಗೆದುಕೊಳ್ಳೋಣ. ಸೌಮ್ಯ ಎಂದು ಕರೆಯೋಣ, ಅದು ನಿಜವಾದ ಹೆಸರಲ್ಲ. ನನ್ನ ನೋಟ್‌ಬುಕ್‌ನಲ್ಲಿ ಅವಳ ಬಗ್ಗೆ ಹೀಗಿತ್ತು:

“ಸೌಮ್ಯ ಒಳ್ಳೆಯ ಹುಡುಗಿ. ಕನ್ನಡ ಪಾಠ ತಡವರಿಸದೆ ಓದುತ್ತಾಳೆ, ಓದಿದ ಕಥೆಯನ್ನು ತನ್ನ ಮಾತಿನಲ್ಲಿ ಹೇಳುತ್ತಾಳೆ. ಬರೆಯುವಾಗ ಒತ್ತಕ್ಷರ ತಪ್ಪುತ್ತಾಳೆ, ಜೂನ್‌ಗಿಂತ ಪರವಾಗಿಲ್ಲ. ಗಣಿತದಲ್ಲಿ ಬಹಳ ಹಿಂದೆ ಇದ್ದಾಳೆ. ಮಗ್ಗಿ ಗೊತ್ತು, ಆದರೂ ಭಾಗಾಕಾರವೇ ಬರುವುದಿಲ್ಲ. ಗಮನ ಕೊಡುವುದಿಲ್ಲ, ಸೊನ್ನೆ ಬಿಡುತ್ತಾಳೆ. ಪದೇ ಪದೇ ಗೈರು, ಮಳೆಗಾಲದಲ್ಲಂತೂ ಬಂದದ್ದೇ ಕಡಿಮೆ. ಮನೆಯಲ್ಲಿ ಓದಿಸುವವರಿಲ್ಲ. ತಾಯಿ ಪೋಷಕರ ಸಭೆಗೂ ಬರಲಿಲ್ಲ. ಇವಳ ಅಣ್ಣ ಇದೇ ಶಾಲೆಯಲ್ಲಿ ಓದಿದವನು, ಲೆಕ್ಕದಲ್ಲಿ ಚುರುಕಾಗಿದ್ದ, ಇವಳು ಹಾಗಿಲ್ಲ. ತರಗತಿಯಲ್ಲಿ ಪಕ್ಕದವರ ಜೊತೆ ಮಾತು ಜಾಸ್ತಿ. ಇಂಗ್ಲಿಷ್ ಓದಲು ಹಿಂಜರಿಯುತ್ತಾಳೆ. ಊಟದ ಹೊತ್ತಿನಲ್ಲಿ ಚಿಕ್ಕ ಮಕ್ಕಳನ್ನು ಸಾಲಾಗಿ ಕೂರಿಸಿ ತಟ್ಟೆ ಕೊಡುತ್ತಾಳೆ. ಸ್ವಾತಂತ್ರ್ಯ ದಿನಾಚರಣೆಯಲ್ಲಿ ಧೈರ್ಯವಾಗಿ ಭಾಷಣ ಮಾಡಿದಳು. ಶ್ರಮಪಟ್ಟರೆ ಮುಂದೆ ಬರಬಹುದು. ಪೋಷಕರು ಹೆಚ್ಚಿನ ಗಮನ ಹರಿಸುವುದು.”

ಎಂಬತ್ತರ ಹತ್ತಿರ ಪದಗಳಿವೆ. ಬೇಕಾಗಿರುವುದು ಮೂವತ್ತು. ಆತುರದಲ್ಲಿ ನಾವು ಮಾಡುವುದೇನು? ಮೊದಲ ವಾಕ್ಯ, ಗಣಿತದ ವಾಕ್ಯ, ಕೊನೆಯ ವಾಕ್ಯ ಎತ್ತಿಕೊಳ್ಳುತ್ತೇವೆ. ‘ಒಳ್ಳೆಯ ಹುಡುಗಿ. ಗಣಿತದಲ್ಲಿ ಹಿಂದೆ ಇದ್ದಾಳೆ. ಪೋಷಕರು ಗಮನ ಹರಿಸುವುದು.’ ಚಿಕ್ಕದಾಯಿತು, ನಿಜ. ಆದರೆ ಇದನ್ನು ಓದಿದ ತಾಯಿ ನಾಳೆ ಬೆಳಿಗ್ಗೆ ಏನು ಮಾಡಬೇಕು? ಸೌಮ್ಯ ಏನು ಮಾಡಬೇಕು? ಯಾರಿಗೂ ಗೊತ್ತಾಗುವುದಿಲ್ಲ. ಇನ್ನೊಂದು ತೊಂದರೆಯೂ ಇದೆ. ಇದರಲ್ಲಿ ಉಳಿದ ಗಣಿತದ ಮಾತು ನಿಜವೇ ಅಲ್ಲ. ಅದು ಹೇಗೆ ಗೊತ್ತಾಯಿತು ಎಂಬುದೇ ಮುಂದಿನ ಎರಡು ಹೆಜ್ಜೆ.

ಹೆಜ್ಜೆ 1: ಕಂಡದ್ದು, ಅನಿಸಿದ್ದು, ಮನೆಯದ್ದು

ಉದ್ದ ಷರಾದ ಒಂದೊಂದು ವಾಕ್ಯದ ಪಕ್ಕದಲ್ಲೂ ಪೆನ್ಸಿಲ್‌ನಿಂದ ಒಂದು ಅಕ್ಷರ ಹಾಕಿ. ನೀವು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಆದರೆ ‘ಕ’. ಕಂಡದ್ದರಿಂದ ನಿಮಗೆ ಅನಿಸಿದ್ದು ಆದರೆ ‘ಅ’. ಮನೆಯವರ ಬಗ್ಗೆ ಆದರೆ ‘ಮ’.

‘ಓದಿದ ಕಥೆಯನ್ನು ತನ್ನ ಮಾತಿನಲ್ಲಿ ಹೇಳುತ್ತಾಳೆ’ – ಕ. ಬೇರೆ ಯಾರು ಬಂದು ಕೂತರೂ ಅದನ್ನು ಕೇಳಬಹುದು. ‘ಚಿಕ್ಕ ಮಕ್ಕಳಿಗೆ ತಟ್ಟೆ ಕೊಡುತ್ತಾಳೆ’ – ಕ. ‘ಒಳ್ಳೆಯ ಹುಡುಗಿ’ – ಅ. ‘ಬಹಳ ಹಿಂದೆ ಇದ್ದಾಳೆ’ – ಅ. ‘ಗಮನ ಕೊಡುವುದಿಲ್ಲ’ ಎಂಬುದನ್ನು ಬಹಳ ಜನ ‘ಕ’ ಎಂದು ಗುರುತು ಹಾಕುತ್ತಾರೆ. ಅದು ‘ಅ’. ಗಮನ ಕಣ್ಣಿಗೆ ಕಾಣುವುದಿಲ್ಲ. ಕಂಡದ್ದು ತಪ್ಪು ಉತ್ತರ. ಅದಕ್ಕೆ ಕಾರಣ ಇದಿರಬೇಕು ಅಂತ ನಾವು ಅಂದುಕೊಂಡದ್ದು ಅಷ್ಟೆ. ‘ಶ್ರಮಪಟ್ಟರೆ ಮುಂದೆ ಬರಬಹುದು’ ಎಂಬುದೂ ‘ಅ’. ಕೇಳಲು ಆಶೀರ್ವಾದದ ಹಾಗಿದೆ. ಆದರೆ ಈಗ ಶ್ರಮಪಡುತ್ತಿಲ್ಲ ಎಂಬ ಮಾತು ಅದರ ಒಳಗೇ ಇದೆ, ಅಲ್ವಾ?

ಮನೆಯಲ್ಲಿ ಓದಿಸುವವರಿಲ್ಲ, ತಾಯಿ ಸಭೆಗೆ ಬರಲಿಲ್ಲ, ಅಣ್ಣ ಚುರುಕಾಗಿದ್ದ – ಇವು ಮೂರೂ ‘ಮ’. ‘ಮ’ ಬಿದ್ದ ಯಾವುದೂ ಪ್ರಗತಿ ಪತ್ರಕ್ಕೆ ಹೋಗುವುದಿಲ್ಲ. ಇದರಲ್ಲಿ ನನಗೆ ಎರಡನೇ ಯೋಚನೆ ಇಲ್ಲ. ತಾಯಿ ಸಭೆಗೆ ಬರದಿದ್ದರೆ ಆ ಮಾತು ತಾಯಿಯ ಹತ್ತಿರ ಆಡಬೇಕಾದದ್ದು. ಅದನ್ನು ಮಗಳ ಕೈಯಲ್ಲಿ ಬರೆದು ಕಳಿಸಬಾರದು. ಹೋಗಿ ಕೇಳಿದರೆ, ಸಭೆ ಇಟ್ಟದ್ದು ತೋಟದ ಕೆಲಸದ ಹೊತ್ತಿನಲ್ಲಿ, ಬಂದರೆ ಅರ್ಧ ದಿನದ ಕೂಲಿ ಹೋಗುತ್ತಿತ್ತು ಎಂಬುದು ಗೊತ್ತಾಗುತ್ತದೆ. ಅಣ್ಣನ ಮಾತಂತೂ ಆ ಮನೆಯೊಳಗೆ ವರ್ಷಗಟ್ಟಲೆ ಉಳಿಯುವ ಮಾತು.

ಮಗುವಿನ ಗುಣ ಅಳೆಯಲು ಕಾನೂನೂ ಹೇಳಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಬಗ್ಗೆ ಹೇಳುವಾಗ, ಮಗು ಏನು ಅರ್ಥ ಮಾಡಿಕೊಂಡಿದೆ, ಅದನ್ನು ಹೇಗೆ ಬಳಸುತ್ತದೆ ಎಂಬುದನ್ನು ನೋಡಿ ಎನ್ನುತ್ತದೆ. ಷರಾ ಬರೆಯುವಾಗಲೂ ಇದನ್ನೇ ನೆನಪಿಡಿ.

ಹೆಜ್ಜೆ 2: ‘ಅ’ ಬಿದ್ದ ವಾಕ್ಯಗಳನ್ನು ಪುಸ್ತಕದ ಮುಂದೆ ಇಡಿ

ಬೇಗ ಮುಗಿಸಬೇಕು ಅನ್ನುವವರು ಬಿಟ್ಟುಬಿಡುವ ಹೆಜ್ಜೆ ಇದು. ದಯವಿಟ್ಟು ಬಿಡಬೇಡಿ. ಉದ್ದ ಷರಾದಲ್ಲಿ ಒಂದು ತಪ್ಪು ಮಾತು ಇದ್ದರೆ ಅದರ ಅಕ್ಕಪಕ್ಕದಲ್ಲಿ ಹತ್ತು ಸರಿ ಮಾತು ಇರುತ್ತವೆ. ಚಿಕ್ಕದು ಮಾಡಿದಾಗ ಆ ತಪ್ಪು ಮಾತೇ ಇಡೀ ಷರಾ ಆಗಿಬಿಡಬಹುದು.

‘ಭಾಗಾಕಾರವೇ ಬರುವುದಿಲ್ಲ’ ಎಂದು ಬರೆದಿದ್ದೆನಲ್ಲ, ಸೌಮ್ಯಳ ಪುಸ್ತಕ ಮತ್ತು ಉತ್ತರ ಹಾಳೆ ತೆಗೆದೆ. ಎರಡರಲ್ಲೂ ಸೇರಿ ಭಾಗಾಕಾರದ ಲೆಕ್ಕ ಹನ್ನೆರಡು ಇದ್ದವು. ಎಂಟು ಸರಿ, ನಾಲ್ಕು ತಪ್ಪು. ಹನ್ನೆರಡರಲ್ಲಿ ಎಂಟು ಸರಿ ಮಾಡಿದ ಮಗುವಿಗೆ ಭಾಗಾಕಾರವೇ ಬರುವುದಿಲ್ಲ ಅಂತ ಹೇಗೆ ಬರೆಯುವುದು?

ಆಮೇಲೆ ಆ ನಾಲ್ಕು ತಪ್ಪುಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಒಂದು ಹೀಗಿತ್ತು:

```
1218 ÷ 6 = 23
```

ಸರಿ ಉತ್ತರ 203. ಹನ್ನೆರಡರಲ್ಲಿ ಆರು ಎರಡು ಸಲ ಹೋಗುತ್ತದೆ. ಆಮೇಲೆ ಒಂದನ್ನು ಇಳಿಸಿಕೊಳ್ಳಬೇಕು. ಒಂದರಲ್ಲಿ ಆರು ಹೋಗುವುದಿಲ್ಲ, ಹಾಗಾಗಿ ಉತ್ತರದಲ್ಲಿ ಸೊನ್ನೆ ಬರೆದು ಎಂಟನ್ನು ಇಳಿಸಬೇಕು. ಅವಳು ಸೊನ್ನೆ ಬರೆಯದೆ ಎಂಟನ್ನು ಇಳಿಸಿದ್ದಾಳೆ. ಉಳಿದದ್ದೆಲ್ಲ ಸರಿ. 824 ÷ 4ಕ್ಕೆ 206ರ ಬದಲು 26 ಎಂದು ಬರೆದಿದ್ದಳು. ನಾಲ್ಕೂ ತಪ್ಪು ಇದೇ ಜಾತಿಯವು. ಸರಿ ಮಾಡಿದ ಎಂಟರಲ್ಲಿ ಒಂದರಲ್ಲೂ ಉತ್ತರದ ನಡುವೆ ಸೊನ್ನೆ ಬರುತ್ತಿರಲಿಲ್ಲ. ಅಂದರೆ ಅವಳಿಗೆ ಗೊತ್ತಿಲ್ಲದ್ದು ಒಂದೇ ಒಂದು ವಿಷಯ.

ಯಾಕೆ ಗೊತ್ತಿಲ್ಲ? ಪಾಠ ಟಿಪ್ಪಣಿ ತೆಗೆದೆ. ಉತ್ತರದಲ್ಲಿ ಸೊನ್ನೆ ಬರುವ ಭಾಗಾಕಾರವನ್ನು ನಾನು ಹೇಳಿಕೊಟ್ಟದ್ದು ಆಗಸ್ಟ್‌ನ ಒಂದು ವಾರದಲ್ಲಿ. ಹಾಜರಿ ಪುಸ್ತಕ ತೆಗೆದೆ. ಆ ವಾರ ಸೋಮವಾರದಿಂದ ಶುಕ್ರವಾರದ ತನಕ ಐದೂ ದಿನ ಅವಳು ಬಂದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಟ್ಟು 14 ದಿನ ಗೈರು, ಅದರಲ್ಲಿ 9 ದಿನ ಜುಲೈ ಮತ್ತು ಆಗಸ್ಟ್‌ನದ್ದು. ಅವಳ ಲೈನ್ ಮನೆಗೂ ಶಾಲೆಗೂ ನಡುವೆ ಒಂದು ಹಳ್ಳ ಇದೆ. ಮಳೆ ಜೋರಾದರೆ ಕಾಲುಸಂಕದ ಮೇಲೆ ನೀರು ಬರುತ್ತದೆ. ಜಿಲ್ಲೆಯಲ್ಲಿ ಮಳೆ ರಜೆ ಘೋಷಿಸಿದ ದಿನ ಯಾರಿಗೂ ಗೈರು ಬೀಳುವುದಿಲ್ಲ. ರಜೆ ಇಲ್ಲದ ದಿನವೂ ಆ ಹಳ್ಳ ಇಳಿದಿರುವುದಿಲ್ಲವಲ್ಲ.

ಹಾಗಾದರೆ ‘ಗಮನ ಕೊಡುವುದಿಲ್ಲ’ ಎಂದು ನಾನು ಬರೆದದ್ದು ತಪ್ಪು. ಪಾಠ ಅವಳಿಗೆ ಸಿಕ್ಕೇ ಇರಲಿಲ್ಲ. ಮಳೆ ಕಡಿಮೆಯಾಗಿ ಅವಳು ವಾಪಸ್ ಬಂದಾಗ ನಾನು ಮುಂದಿನ ಅಧ್ಯಾಯಕ್ಕೆ ಹೋಗಿದ್ದೆ. ಆ ಪಾಠವನ್ನು ಮತ್ತೆ ಹೇಳಿಕೊಟ್ಟಿರಲಿಲ್ಲ. ಇದನ್ನು ಹುಡುಕಲು ಹಿಡಿದದ್ದು ಹತ್ತು ನಿಮಿಷ.

ಪ್ರತಿ ಮಗುವಿಗೂ ಇಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ. ಸಿಗದಿದ್ದರೆ ಕಾರಣ ಬರೆಯಬೇಡಿ. ತಪ್ಪು ಯಾವ ಬಗೆಯದು ಎಂಬುದನ್ನಷ್ಟೇ ಬರೆಯಿರಿ. ಅದಕ್ಕೆ ಪುರಾವೆ ಪುಸ್ತಕದಲ್ಲೇ ಇದೆ. ಊಹಿಸಿದ ಕಾರಣಕ್ಕೆ ಪುರಾವೆ ಇಲ್ಲ.

ಹೆಜ್ಜೆ 3: ನಾಲ್ಕು ಮಾತು ಆರಿಸಿ

ಈಗ ಉಳಿದದ್ದರಿಂದ ನಾಲ್ಕು ಮಾತ್ರ ತೆಗೆದುಕೊಳ್ಳಿ: ಮಗುವಿಗೆ ಚೆನ್ನಾಗಿ ಬರುವ ಒಂದು, ಜೂನ್‌ನಿಂದ ಈಚೆಗೆ ಸುಧಾರಿಸಿದ ಒಂದು, ಸಿಕ್ಕಿಕೊಂಡಿರುವ ಒಂದು, ಮುಂದೆ ಮಾಡುವ ಕೆಲಸ ಒಂದು. ಎರಡನೆಯದು ಎಲ್ಲ ಮಕ್ಕಳಿಗೂ ಸಿಗಲಿಕ್ಕಿಲ್ಲ. ಸಿಗದಿದ್ದರೆ ಮೂರೇ ಸಾಕು, ಸುಮ್ನೆ ಹುಟ್ಟಿಸಬೇಡಿ.

ಶ್ರೇಣಿ, ಅಂಕ, ಹಾಜರಿ ದಿನಗಳಿಗೆ ಪತ್ರದಲ್ಲಿ ಬೇರೆ ಕಾಲಂ ಇದೆ. ಅವನ್ನು ಷರಾದಲ್ಲಿ ಮತ್ತೆ ಬರೆದರೆ ಇರುವ ಮೂರು ಸಾಲಿನಲ್ಲಿ ಒಂದು ಸಾಲು ಹೋಯಿತು.

ಆಯ್ಕೆಯಲ್ಲಿ ಕಷ್ಟ ಆಗುವುದು ಒಳ್ಳೆಯ ಮಾತುಗಳ ನಡುವೆ. ಸೌಮ್ಯ ಕಥೆ ಹೇಳುತ್ತಾಳೆ, ಭಾಷಣ ಮಾಡಿದಳು, ಚಿಕ್ಕವರಿಗೆ ತಟ್ಟೆ ಕೊಡುತ್ತಾಳೆ. ಮೂರೂ ‘ಕ’. ನನಗೆ ತಟ್ಟೆ ಕೊಡುವುದೇ ತುಂಬ ಇಷ್ಟ. ಆದರೂ ಅದನ್ನು ಬಿಟ್ಟೆ. ಹೆಣ್ಣುಮಕ್ಕಳ ಷರಾದಲ್ಲಿ ಬಡಿಸುವುದು, ಗುಡಿಸುವುದು, ಚಿಕ್ಕವರನ್ನು ನೋಡಿಕೊಳ್ಳುವುದು ಮುಂದೆ ಬಂದು ಓದು ಹಿಂದೆ ಉಳಿಯುತ್ತದೆ. ಮೂರೇ ಸಾಲು ಇರುವಾಗ ಅವಳ ಓದಿಗೆ ಮೊದಲ ಜಾಗ ಕೊಡೋಣ. ವರ್ತನೆಗೆ ಬೇರೆ ಕಾಲಂ ಇದ್ದರೆ ತಟ್ಟೆಯ ಮಾತು ಅಲ್ಲಿ ಚೆನ್ನಾಗಿ ಕೂರುತ್ತದೆ. ಭಾಷಣ ಒಂದು ದಿನದ್ದು. ಕಥೆ ಹೇಳುವುದು ನಾಲ್ಕು ತಿಂಗಳೂ ಕಂಡದ್ದು. ಹಾಗಾಗಿ ಕಥೆ ಉಳಿಯಿತು.

ಬಿಟ್ಟ ಮಾತುಗಳು ಕಸವಲ್ಲ. ಇಂಗ್ಲಿಷ್ ಓದಲು ಹಿಂಜರಿಯುವುದು ನಿಜವಾದ ವಿಷಯ. ಅದು ನನ್ನ ನೋಟ್‌ಬುಕ್‌ನಲ್ಲೇ ಇರಲಿ, ನವೆಂಬರ್‌ನಲ್ಲಿ ನಾನು ಮಾಡಬೇಕಾದ ಕೆಲಸವಾಗಿ. ಪಕ್ಕದವರ ಜೊತೆ ಮಾತು ಜಾಸ್ತಿ ಎಂಬುದಕ್ಕೆ ಕೂರುವ ಜಾಗ ಬದಲಿಸಿದರೆ ಸಾಕು, ಮನೆಗೆ ಬರೆಯುವ ಅಗತ್ಯ ಇಲ್ಲ.

ಹೆಜ್ಜೆ 4: ಬರೆಯಿರಿ, ಕೊನೆಯ ಅಕ್ಷರಗಳ ಮೇಲೆ ಕಣ್ಣಿಡಿ

ಮೊದಲ ಕರಡು ಹೀಗೆ ಬಂತು:

“ಸೌಮ್ಯ ಕನ್ನಡ ಪಾಠಗಳನ್ನು ತಡವರಿಸದೆ ಓದುತ್ತಾಳೆ ಮತ್ತು ಓದಿದ ಕಥೆಯನ್ನು ತನ್ನ ಮಾತಿನಲ್ಲಿ ತುಂಬಾ ಚೆನ್ನಾಗಿ ಹೇಳುತ್ತಾಳೆ. ಬರವಣಿಗೆಯಲ್ಲಿ ಒತ್ತಕ್ಷರದ ತಪ್ಪುಗಳು ಜೂನ್ ತಿಂಗಳಿಗಿಂತ ಈಗ ಕಡಿಮೆಯಾಗಿವೆ. ಗಣಿತದಲ್ಲಿ ಮಗ್ಗಿಗಳು ಚೆನ್ನಾಗಿ ಬರುತ್ತವೆ ಆದರೆ ಭಾಗಾಕಾರ ಮಾಡುವಾಗ ಉತ್ತರದ ನಡುವೆ ಬರಬೇಕಾದ ಸೊನ್ನೆ ಬಿಟ್ಟುಹೋಗುತ್ತದೆ. ಆ ಪಾಠ ಮಾಡಿದ ವಾರ ಮಳೆಯಿಂದಾಗಿ ಬರಲು ಆಗಿರಲಿಲ್ಲ. ನಾವು ಮತ್ತೆ ಹೇಳಿಕೊಡುತ್ತೇವೆ. ಮನೆಯಲ್ಲಿ ಉತ್ತರವನ್ನು ಗುಣಿಸಿ ಸರಿನೋಡಲು ಹೇಳಬೇಕು.”

ಇದು 47 ಪದ. ಕಡಿಯುವ ಮೊದಲು ಕನ್ನಡದ ಒಂದು ಸೂಕ್ಷ್ಮ ನೋಡೋಣ. ನಮ್ಮ ಭಾಷೆಯಲ್ಲಿ ದೂರು ಇಡೀ ಪದದಲ್ಲಿ ಇರಬೇಕೆಂದಿಲ್ಲ. ಪದದ ಕೊನೆಗೆ ಅಂಟಿದ ಒಂದು ಅಕ್ಷರದಲ್ಲೇ ಇರುತ್ತದೆ.

‘ಭಾಗಾಕಾರ ಬರುವುದಿಲ್ಲ’ ಮತ್ತು ‘ಭಾಗಾಕಾರವೇ ಬರುವುದಿಲ್ಲ’. ಆ ‘ಏ’ ಒಂದು ಸೇರಿದರೆ ಬೇಸರ ಕೇಳಿಸುತ್ತದೆ. ‘ತಾಯಿ ಸಭೆಗೂ ಬರಲಿಲ್ಲ’ ಎಂಬಲ್ಲಿ ‘ಊ’ ಇದೆ. ಬೇರೆ ಯಾವುದಕ್ಕೂ ಬರುವವರಲ್ಲ, ಇದಕ್ಕೂ ಬರಲಿಲ್ಲ ಎಂದು ಅದು ಹೇಳುತ್ತದೆ. ‘ಮಳೆಗಾಲದಲ್ಲಂತೂ’ ಎಂಬ ‘ಅಂತೂ’ ಕೂಡ ಹಾಗೆಯೇ. ಷರಾದಲ್ಲಿ ಈ ಏ, ಊ, ಅಂತೂ ಎಲ್ಲಿ ಬಂದರೂ ಕೆಳಗೆ ಗೆರೆ ಎಳೆಯಿರಿ. ತೆಗೆದು ಓದಿ. ಅರ್ಥ ಕೆಡದಿದ್ದರೆ ತೆಗೆದೇ ಬಿಡಿ.

‘ಆದರೆ’ ಇನ್ನೊಂದು. ‘ಚೆನ್ನಾಗಿ ಓದುತ್ತಾಳೆ, ಆದರೆ ಲೆಕ್ಕ ಬರುವುದಿಲ್ಲ’ ಎಂದರೆ ಕಿವಿಯಲ್ಲಿ ಉಳಿಯುವುದು ಆದರೆಯ ಆಚೆಗಿನದು ಮಾತ್ರ. ಮೊದಲಿನ ಹೊಗಳಿಕೆ ಬರೀ ಪೀಠಿಕೆ ಆಗಿಬಿಡುತ್ತದೆ. ಪೂರ್ಣವಿರಾಮ ಹಾಕಿ ಎರಡು ವಾಕ್ಯ ಮಾಡಿ. ಎರಡೂ ತಮ್ಮ ತಮ್ಮ ಕಾಲ ಮೇಲೆ ನಿಲ್ಲುತ್ತವೆ. ‘ಆದರೂ’ ಅಂತೂ ಬೇಡ. ‘ಮಗ್ಗಿ ಗೊತ್ತು, ಆದರೂ ಬರುವುದಿಲ್ಲ’ ಎಂಬುದು ನೇರ ಆರೋಪ.

ಕ್ರಿಯಾಪದಕ್ಕೂ ಇಂಥದೇ ಗುಣ ಇದೆ. ‘ಸೊನ್ನೆ ಬಿಡುತ್ತಾಳೆ’ ಎಂದರೆ ಅವಳು ಬೇಕೆಂದೇ ಬಿಟ್ಟ ಹಾಗೆ. ‘ಸೊನ್ನೆ ಬಿಟ್ಟುಹೋಗುತ್ತದೆ’ ಎಂದರೆ ಕೈತಪ್ಪಿದ ಹಾಗೆ. ಸೌಮ್ಯಳ ವಿಷಯದಲ್ಲಿ ಎರಡನೆಯದೇ ನಿಜ. ಆದರೆ ಇದನ್ನು ಮುಲಾಮಿನ ಹಾಗೆ ಎಲ್ಲ ಕಡೆ ಹಚ್ಚಬಾರದು. ಒಬ್ಬ ಹುಡುಗ ಮನೆಗೆಲಸ ಮಾಡದೆ ಬರುತ್ತಿದ್ದರೆ ‘ಮನೆಗೆಲಸ ಬಿಟ್ಟುಹೋಗುತ್ತಿದೆ’ ಎನ್ನುವುದು ಸುಳ್ಳು. ‘ಸೆಪ್ಟೆಂಬರ್‌ನಲ್ಲಿ ಆರು ಸಲ ಮನೆಗೆಲಸ ತಂದಿಲ್ಲ’ ಎಂದು ಎಣಿಸಿಯೇ ಬರೆಯಿರಿ. ಎಣಿಕೆ ‘ಸೋಮಾರಿ’ ಅನ್ನುವುದಿಲ್ಲ, ಮುಚ್ಚಿಡುವುದೂ ಇಲ್ಲ.

ಇನ್ನು ‘ಗಮನ ಹರಿಸುವುದು’, ‘ಪ್ರಗತಿ ಸಾಧಿಸಬೇಕಾಗಿದೆ’ ಎಂಬ ಕಚೇರಿ ಕನ್ನಡ. ಯಾರು, ಏನನ್ನು, ಯಾವಾಗ ಮಾಡಬೇಕು ಎಂಬುದು ಇದರಲ್ಲಿ ಸಿಗುವುದಿಲ್ಲ. ಮನೆಯಲ್ಲಿ ತುಳುವೋ ತಮಿಳೋ ಆಡುವ ತಾಯಿಗೆ ಇದು ಬರೀ ಸದ್ದು. ‘ಹೇಳಿ’, ‘ಕೇಳಿ’, ‘ತೋರಿಸಲಿ’ ಎಂದು ಬರೆಯಿರಿ.

ಹೆಜ್ಜೆ 5: ಕಡಿಯುವಾಗ ಒಂದು ಕ್ರಮ

ಮೊದಲು ಹೋಗಬೇಕಾದದ್ದು ಹೆಸರು. ಪತ್ರದ ಮೇಲೆ ಅದು ಇದ್ದೇ ಇದೆ. ಆಮೇಲೆ ‘ತುಂಬಾ’, ‘ಚೆನ್ನಾಗಿ’. ಬಳಿಕ ಒಂದೇ ವಿಷಯಕ್ಕೆ ಎರಡು ಸಲ ಬಂದ ಪದಗಳು: ‘ಬರವಣಿಗೆಯಲ್ಲಿ ಒತ್ತಕ್ಷರ’ ಎಂದರೆ ಒತ್ತಕ್ಷರದ ತಪ್ಪು ಬರವಣಿಗೆಯದ್ದೇ ತಾನೆ. ‘ಗಣಿತದಲ್ಲಿ ಮಗ್ಗಿ’ ಕೂಡ ಹಾಗೆಯೇ. ಕೊನೆಗೆ ಎರಡು ವಾಕ್ಯಗಳನ್ನು ಒಂದು ಮಾಡಲು ಬರುತ್ತದೆಯೇ ನೋಡಿ. ಮಳೆಯ ವಾಕ್ಯವೂ ಮತ್ತೆ ಹೇಳಿಕೊಡುವ ವಾಕ್ಯವೂ ಹೀಗೆ ಕೂಡಿದವು.

ಕಡಿಯಬಾರದ್ದು ಎರಡು. ‘ನಡುವಿನ ಸೊನ್ನೆ’ ಎಂಬ ಗುರುತನ್ನು ಕಡಿಯಬೇಡಿ. ಅದು ಹೋದರೆ ಉಳಿಯುವುದು ‘ಭಾಗಾಕಾರದಲ್ಲಿ ತಪ್ಪು’ ಮಾತ್ರ, ಮತ್ತೆ ಅದೇ ಹಳೆಯ ಅನ್ಯಾಯ. ಶಾಲೆ ಏನು ಮಾಡುತ್ತದೆ ಎಂಬುದನ್ನೂ ಕಡಿಯಬೇಡಿ. ಕೆಲಸವನ್ನೆಲ್ಲ ಮನೆಗೆ ಹೊರಿಸುವ ಷರಾ ಸರಿಯಲ್ಲ.

ಹೀಗೆ ಉಳಿದದ್ದು:

“ಓದಿದ ಕಥೆಯನ್ನು ತನ್ನ ಮಾತಿನಲ್ಲಿ ಹೇಳುತ್ತಾಳೆ. ಒತ್ತಕ್ಷರದ ತಪ್ಪು ಜೂನ್‌ಗಿಂತ ಕಡಿಮೆಯಾಗಿದೆ. ಮಗ್ಗಿ ಬರುತ್ತದೆ. ಭಾಗಾಕಾರದ ಉತ್ತರದಲ್ಲಿ ನಡುವಿನ ಸೊನ್ನೆ ಬಿಟ್ಟುಹೋಗುತ್ತದೆ; ಮಳೆಯಲ್ಲಿ ತಪ್ಪಿದ ಆ ಪಾಠವನ್ನು ಮತ್ತೆ ಹೇಳಿಕೊಡುತ್ತೇವೆ. ಮನೆಯಲ್ಲಿ ದಿನಕ್ಕೆ ಒಂದು ಲೆಕ್ಕ ಮಾಡಿ ಗುಣಿಸಿ ತೋರಿಸಲು ಹೇಳಿ.”

ಮೂವತ್ತು ಪದ. ಮೂರು ಸಾಲು, ನಾಲ್ಕನೆಯದಕ್ಕೆ ಸ್ವಲ್ಪ ಹೋಯಿತು.

ಕೊನೆಯ ವಾಕ್ಯದ ಬಗ್ಗೆ ಸ್ವಲ್ಪ ಹೇಳಬೇಕು. ಅಮ್ಮನಿಗೆ ಭಾಗಾಕಾರ ಬರಬೇಕೆಂದಿಲ್ಲ ಎಂಬ ಕಾರಣಕ್ಕೇ ಅದನ್ನು ಆರಿಸಿದ್ದು. ಸೌಮ್ಯ 1218 ÷ 6 ಮಾಡಿ 23 ಬರೆದಳು ಅಂದುಕೊಳ್ಳಿ. ಗುಣಿಸಿ ತೋರಿಸು ಎಂದರೆ ಅವಳು 23ನ್ನು 6ರಿಂದ ಗುಣಿಸುತ್ತಾಳೆ. 138 ಬರುತ್ತದೆ. ಎಲ್ಲಿಯ 138, ಎಲ್ಲಿಯ 1218! ತಪ್ಪು ಅವಳಿಗೇ ಕಾಣುತ್ತದೆ. ಅಮ್ಮ ಒಲೆಯ ಮುಂದೆ ಕೂತು ‘ಗುಣಿಸಿ ನೋಡಿದೆಯಾ?’ ಎಂದು ಕೇಳಿದರೆ ಸಾಕು. ದಿನಕ್ಕೆ ಒಂದೇ ಲೆಕ್ಕ ಎಂದದ್ದಕ್ಕೂ ಕಾರಣ ಇದೆ. ನವೆಂಬರ್ ಕಳೆಯುವ ಹೊತ್ತಿಗೆ ಅರೇಬಿಕಾ ಹಣ್ಣಿನ ಕೊಯ್ಲು ಜೋರಾಗುತ್ತದೆ. ದೊಡ್ಡವರು ಕತ್ತಲಾದ ಮೇಲೆ ಮನೆಗೆ ಬರುತ್ತಾರೆ. ಆ ದಿನಗಳಲ್ಲೂ ನಡೆಯುವ ಕೆಲಸವನ್ನೇ ಬರೆಯಬೇಕು.

ಹೆಜ್ಜೆ 6: ಎರಡು ಪರೀಕ್ಷೆ

ಮೊದಲನೆಯದು, ಗಟ್ಟಿಯಾಗಿ ಓದುವುದು. ನಿಮ್ಮ ದನಿಯಲ್ಲಲ್ಲ, ಮಗುವಿನ ದನಿಯಲ್ಲಿ. ‘ಹೇಳುತ್ತಾಳೆ’ ಇದ್ದಲ್ಲಿ ‘ಹೇಳುತ್ತೇನೆ’ ಎಂದು ಬದಲಿಸಿ ಓದಿ. ‘ಭಾಗಾಕಾರದ ಉತ್ತರದಲ್ಲಿ ನನಗೆ ನಡುವಿನ ಸೊನ್ನೆ ಬಿಟ್ಟುಹೋಗುತ್ತದೆ.’ ಇದನ್ನು ಒಂದು ಮಗು ಹೇಳಬಲ್ಲದು. ‘ನನಗೆ ಓದಿನಲ್ಲಿ ಆಸಕ್ತಿಯೇ ಇಲ್ಲ’ ಎಂದು ಯಾವ ಮಗುವೂ ಅಮ್ಮನ ಎದುರು ಹೇಳಲಾರದು. ಎಲ್ಲಿ ದನಿ ತಡೆಯುತ್ತದೋ ಅಲ್ಲಿ ಏನೋ ಸರಿ ಇಲ್ಲ.

ಎರಡನೆಯದು, ಹೆಸರು ಬದಲಿಸಿ ನೋಡುವುದು. ಈ ಷರಾವನ್ನು ಪಕ್ಕದ ಮಗುವಿನ ಪತ್ರದಲ್ಲಿ ಇಟ್ಟರೂ ಹೊಂದುತ್ತದೆಯೇ? ‘ಉತ್ತಮ ಪ್ರಗತಿ, ಇನ್ನೂ ಶ್ರಮಿಸಲಿ’ ಎಂಬುದು 28 ಮಕ್ಕಳಿಗೂ ಹೊಂದುತ್ತದೆ. ಹಾಗಾಗಿ ಅದು ಯಾರ ಷರಾವೂ ಅಲ್ಲ. ಮೊದಲ ಸ್ಥಾನದ ಮಗುವಿಗೇ ಇಂಥ ಷರಾ ಜಾಸ್ತಿ ಸಿಗುತ್ತದೆ. ಆ ಮಗುವಿಗೂ ಒಂದು ಮುಂದಿನ ಕೆಲಸ ಹೇಳಿ.

ಬರೆಯಲು ಏನೂ ಇಲ್ಲದ ಮಗು

ಪ್ರತಿ ವರ್ಷ ಮೂರ್ನಾಲ್ಕು ಮಕ್ಕಳ ಪುಟ ಖಾಲಿ ಇರುತ್ತದೆ, ಅಥವಾ ಬರೀ ದೂರು ಇರುತ್ತದೆ. ಗಲಾಟೆಯನ್ನೂ ಮಾಡದ, ಕೈಯನ್ನೂ ಎತ್ತದ ಮಕ್ಕಳು ಅವರು. ಅಲ್ಲಿ ‘ಶಾಂತ ಸ್ವಭಾವ’ ಎಂದು ಬರೆಯುವುದು ಸುಲಭ. ನಾನು ಅದನ್ನು ಬಿಟ್ಟಿದ್ದೇನೆ. ನಾಲ್ಕು ತಿಂಗಳು ನಾನು ಆ ಮಗುವನ್ನು ನೋಡಿಲ್ಲ ಎಂಬುದಷ್ಟೇ ಅದರ ಅರ್ಥ.

ಅಂಥ ಪತ್ರವನ್ನು ಬದಿಗಿಟ್ಟು ಎರಡು ದಿನ ತೆಗೆದುಕೊಳ್ಳಿ. ಆ ಮಗುವನ್ನು ಹತ್ತಿರ ಕೂರಿಸಿಕೊಂಡು ಒಂದು ಪುಟ ಓದಿಸಿ, ಎರಡು ಲೆಕ್ಕ ಮಾಡಿಸಿ, ಅದು ಮಾಡುವುದನ್ನು ಸುಮ್ಮನೆ ನೋಡಿ. ಒಬ್ಬ ಹುಡುಗನ ಹತ್ತಿರ ಹೀಗೆ ಕೂತಾಗ, ಓದಲು ತಡವರಿಸುವ ಅವನು ಬಾಯಿಲೆಕ್ಕವನ್ನು ನನಗಿಂತ ಬೇಗ ಹೇಳಿದ. ವಾರದ ಸಂತೆಗೆ ಅಜ್ಜನ ಜೊತೆ ಕಾಳುಮೆಣಸು ಮಾರಲು ಹೋಗುತ್ತಿದ್ದನಂತೆ. ಕಾಗದದ ಮೇಲಿನ ಪರೀಕ್ಷೆಯಲ್ಲಿ ಅದು ಯಾವತ್ತೂ ಕಂಡಿರಲಿಲ್ಲ. ಅವನ ಷರಾದ ಮೊದಲ ವಾಕ್ಯ ಅದೇ ಆಯಿತು.

ಬೇರೆ ವಿಷಯದ ಮೇಷ್ಟ್ರು ಬರೆದುಕೊಟ್ಟ ಷರಾ ಕಡಿಯುವಾಗಲೂ ಇದೇ ಕ್ರಮ. ಒಂದು ಮಾತ್ರ ಜಾಸ್ತಿ: ಕಡಿದದ್ದನ್ನು ಅವರಿಗೇ ತೋರಿಸಿ. ಅವರ ‘ಅ’ ವಾಕ್ಯದ ಬಗ್ಗೆ ನಿಮಗೆ ಅನುಮಾನ ಬಂದರೆ ನೀವೇ ತಿದ್ದಬೇಡಿ, “ಸರ್, ಇದು ಯಾವ ಲೆಕ್ಕದಲ್ಲಿ ಕಂಡಿರಿ?” ಎಂದು ಕೇಳಿ. ಬಹಳ ಸಲ ಅವರೇ ಪುಸ್ತಕ ತೆಗೆದು ನೋಡುತ್ತಾರೆ.

ಹೆಜ್ಜೆ 7: 28ನ್ನೂ ಒಟ್ಟಿಗೆ ಹರಡಿ

ಪತ್ರಕ್ಕೆ ಇಳಿಸುವ ಮೊದಲು ಎಲ್ಲ ಕರಡುಗಳನ್ನೂ ಒಂದೇ ಸಲ ಕೂತು ಓದಿ. ಒಂದೊಂದಾಗಿ ನೋಡಿದಾಗ ಸರಿ ಕಂಡದ್ದು ಒಟ್ಟಿಗೆ ನೋಡಿದಾಗ ಬೇರೆ ಕಾಣುತ್ತದೆ. ನಾನು ಮೊದಲ ಸಲ ಹೀಗೆ ಹರಡಿದಾಗ, ‘ಚುರುಕು’ ಎಂಬ ಪದ ಐದು ಕಡೆ ಇತ್ತು, ಐದೂ ಗಂಡುಮಕ್ಕಳು. ‘ಅಕ್ಷರ ಅಂದವಾಗಿದೆ’ ಆರು ಕಡೆ, ಆರೂ ಹೆಣ್ಣುಮಕ್ಕಳು. ‘ಮನೆಯಲ್ಲಿ’ ಎಂದು ಶುರುವಾಗುವ ಸಲಹೆ ಲೈನ್ ಮನೆಯ ಮಕ್ಕಳಿಗೆ ಇತ್ತು. ಪೇಟೆಯಿಂದ ಬರುವ ಮಕ್ಕಳಿಗೆ ‘ಶಾಲೆಯಲ್ಲಿ’ ಎಂದು ಶುರುವಾಗುತ್ತಿತ್ತು. ನಾನು ಹಾಗೆ ಬೇಕೆಂದು ಬರೆದಿರಲಿಲ್ಲ. ಆದರೂ ಕಾಗದದ ಮೇಲೆ ಅದೇ ಇತ್ತು.

ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡಿ, ಹುಡುಗರು ಒಂದು ಕಡೆ, ಹುಡುಗಿಯರು ಇನ್ನೊಂದು ಕಡೆ. ಮೊದಲ ವಾಕ್ಯದ ಮುಖ್ಯ ಪದವನ್ನು ಬರೆಯುತ್ತಾ ಹೋಗಿ. ಐದು ನಿಮಿಷದ ಕೆಲಸ. ಒಂದೇ ಪದ ಒಂದೇ ಕಡೆ ಮೂರು ಸಲ ಬಂದರೆ ಆ ಮೂವರ ಪುಸ್ತಕವನ್ನು ಮತ್ತೆ ತೆಗೆಯಿರಿ.

ಆಮೇಲೆ ಪತ್ರಕ್ಕೆ ಇಳಿಸಿ. ಕರಡನ್ನು ಎಸೆಯಬೇಡಿ, ಮಗುವಿನ ಕೃತಿಸಂಪುಟದಲ್ಲಿ ಹಾಕಿಡಿ. ಮಾರ್ಚ್‌ನಲ್ಲಿ ಸೌಮ್ಯಳ ಎರಡನೇ ಷರಾ ಬರೆಯಲು ಕೂತಾಗ ನಾನು ಮೊದಲು ತೆಗೆದದ್ದು ಈ ಮೂವತ್ತು ಪದ. ಮತ್ತೆ ಹೇಳಿಕೊಡುತ್ತೇವೆ ಎಂದು ಬರೆದಿದ್ದೆ, ನವೆಂಬರ್ ಮೊದಲ ವಾರ ಮೂರು ದಿನ ಹೇಳಿಕೊಟ್ಟಿದ್ದೆ. ಅವಳ ಪುಸ್ತಕದ ಕೊನೆಯ ಪುಟಗಳಲ್ಲಿ ದಿನಕ್ಕೊಂದು ಭಾಗಾಕಾರ ಇತ್ತು. ಎಲ್ಲ ದಿನವೂ ಇರಲಿಲ್ಲ, ಕೊಯ್ಲಿನ ವಾರಗಳಲ್ಲಿ ಖಾಲಿ ಇತ್ತು. ಇದ್ದ ಕಡೆಯಲ್ಲೆಲ್ಲ ಲೆಕ್ಕದ ಕೆಳಗೆ ಗುಣಿಸಿ ನೋಡಿದ ಸಾಲು ಇತ್ತು. ಆ ಸಾಲಿನ ಪಕ್ಕದಲ್ಲಿ ಪೆನ್ಸಿಲ್‌ನ ಒಂದು ಚಿಕ್ಕ ಸರಿ ಗುರುತು. ಅದು ನನ್ನದಲ್ಲ. ಯಾರು ಹಾಕಿದ್ದು ಎಂದು ಕೇಳಿದೆ. “ಅಮ್ಮ ಹಾಕೋದು ಮಿಸ್” ಅಂದಳು.